ಕ್ಯೂಆರ್‌ನಲ್ಲಿ 41,270 ಬಂದಿದೆ, ಬ್ಯಾಂಕಿಗೆ 38,575.16 ಮಾತ್ರ. ಉಳಿದ ದುಡ್ಡು ಎಲ್ಲಿ?

ಹಾಸನದಂಗಡಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಚಪ್ಪಲಿ ಅಂಗಡಿ ಇದೆ. ಅಪ್ಪನಿಗೆ ಮಂಡಿನೋವು, ಹಾಗಾಗಿ ಎಂಟು ತಿಂಗಳಿಂದ ಲೆಕ್ಕ ನಾನೇ ನೋಡುತ್ತಿದ್ದೇನೆ. ದೀಪಾವಳಿ ಹತ್ತಿರ ಬಂತು, ವ್ಯಾಪಾರ ಚೆನ್ನಾಗಿದೆ.

2025ರ ಅಕ್ಟೋಬರ್ 15, ಬುಧವಾರ ರಾತ್ರಿ ಅಂಗಡಿ ಮುಚ್ಚುವಾಗ ಆ್ಯಪ್‌ನಲ್ಲಿ ‘ಇಂದಿನ ಸಂಗ್ರಹ’ 41,270 ರೂಪಾಯಿ ತೋರಿಸಿತು. ಗುರುವಾರ ಬೆಳಗ್ಗೆ ಬ್ಯಾಂಕಿಗೆ ಬಂದಿದ್ದು 38,575.16. ಅಂದರೆ 2,694.84 ಕಡಿಮೆ. ಲೆಕ್ಕ ಹಾಕಿದರೆ ಆರೂವರೆ ಪರ್ಸೆಂಟ್ ಆಗುತ್ತದೆ! ಕ್ಯೂಆರ್‌ಗೆ ಇಷ್ಟೊಂದು ಕಮಿಷನ್ ಇರುತ್ತದೆಯೇ? ಅಪ್ಪ ‘ಆ ಬೋರ್ಡು ಕಿತ್ತು ಬಿಸಾಕು, ಕ್ಯಾಶ್ ತಗೋ’ ಅನ್ನುತ್ತಿದ್ದಾರೆ.

ಬೇಕರಿ ಅಣ್ಣ

ನಿಮಗೆ ಟೋಪಿ ಹಾಕಿದ್ದಾರೆ ತಂಗಿ. ಯುಪಿಐಗೆ ಒಂದು ಪೈಸೆ ಚಾರ್ಜ್ ಇಲ್ಲ. 2020ರ ಜನವರಿ 1ರಿಂದ ಸರ್ಕಾರವೇ ಸೊನ್ನೆ ಮಾಡಿದೆ. ನನ್ನ ಬೇಕರಿಯಲ್ಲಿ ದಿನಕ್ಕೆ ಇನ್ನೂರು ಜನ ಸ್ಕ್ಯಾನ್ ಮಾಡುತ್ತಾರೆ, ಟೀ ಬನ್ನು ಅಂತ. ಅಷ್ಟೂ ದುಡ್ಡು ಹಾಗೇ ಅಕೌಂಟಿಗೆ ಬೀಳುತ್ತದೆ. ಮೊದಲು ಕಂಪ್ಲೇಂಟ್ ಕೊಡಿ, ಆಮೇಲೆ ಮಾತು.

ಲೆಕ್ಕದ ಪುಸ್ತಕ

ಕಂಪ್ಲೇಂಟಿಗೆ ಮುಂಚೆ ಒಂದು ಕೆಲಸ ಮಾಡಿ. ನೀವು ಆ್ಯಪ್‌ನ ಸ್ಕ್ರೀನನ್ನೂ ಪಾಸ್‌ಬುಕ್ಕನ್ನೂ ನೇರವಾಗಿ ಹೋಲಿಸುತ್ತಿದ್ದೀರಿ. ಅವೆರಡೂ ಯಾವತ್ತೂ ಹೊಂದುವುದಿಲ್ಲ. ನಾನು ಮೂವತ್ತು ಚಿಲ್ಲರೆ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಪ್ರತಿ ತಿಂಗಳೂ ಯಾರಾದರೊಬ್ಬರು ಇದೇ ಪ್ರಶ್ನೆ ತರುತ್ತಾರೆ.

ಆ್ಯಪ್‌ನ ‘ಇಂದಿನ ಸಂಗ್ರಹ’ ಹೇಳುವುದು ಗಿರಾಕಿ ಎಷ್ಟು ಕೊಟ್ಟ ಅಂತ. ಪಾಸ್‌ಬುಕ್ ಹೇಳುವುದು ಕ್ಯೂಆರ್ ಕಂಪನಿ ನಿಮಗೆ ಎಷ್ಟು ಕಳಿಸಿತು ಅಂತ. ಇವೆರಡರ ನಡುವೆ ಸೆಟಲ್‌ಮೆಂಟ್ ರಿಪೋರ್ಟ್ ಅಂತ ಇನ್ನೊಂದು ಕಾಗದ ಇದೆ, ಏನೇನು ಹಿಡಿದು ಎಷ್ಟು ಕಳಿಸಿದರು ಅಂತ ಅದರಲ್ಲಿರುತ್ತದೆ. ಆ್ಯಪ್‌ನಲ್ಲಿ ಸಿಗದಿದ್ದರೆ ಕಂಪ್ಯೂಟರಿನಲ್ಲಿ ಅವರ ಡ್ಯಾಶ್‌ಬೋರ್ಡ್‌ಗೆ ಲಾಗಿನ್ ಆಗಿ ಇಳಿಸಿಕೊಳ್ಳಿ. ಒಂದು ಎಚ್ಚರಿಕೆ: ತಾರೀಖು ಆರಿಸುವಾಗ ವಹಿವಾಟಿನ ದಿನ ಬೇಡ, ದುಡ್ಡು ಬ್ಯಾಂಕಿಗೆ ಬಂದ ಸೆಟಲ್‌ಮೆಂಟ್ ದಿನ ಆರಿಸಿ. ಅಂದರೆ 16ನೇ ತಾರೀಖು. ಇಲ್ಲಿಯೇ ಅರ್ಧ ಜನ ಎಡವುವುದು.

ಪಾಸ್‌ಬುಕ್ಕಿನಲ್ಲಿ ಆ 38,575.16ರ ಪಕ್ಕ ಒಂದು ಉದ್ದದ ಸಂಖ್ಯೆ ಇರುತ್ತದೆ, ಅದೇ ಯುಟಿಆರ್. ರಿಪೋರ್ಟ್‌ನಲ್ಲೂ ಅದು ಇರಬೇಕು. ಆ ಯುಟಿಆರ್ ಇರುವ ಸಾಲುಗಳನ್ನಷ್ಟೇ ಕೂಡಿಸಿದರೆ ಬ್ಯಾಂಕಿಗೆ ಬಂದ ಮೊತ್ತ ಪೈಸೆ ಸಮೇತ ಬರಬೇಕು. ಬಂದರೆ ಯಾರೂ ಕದ್ದಿಲ್ಲ, ಏನಕ್ಕೆ ಹಿಡಿದರು ಅಂತ ನೋಡಿದರೆ ಸಾಕು. ಬರದಿದ್ದರೆ ಬೇಕರಿ ಅಣ್ಣ ಹೇಳಿದ ಹಾಗೆ ಕಂಪ್ಲೇಂಟ್.

ಮಲ್ನಾಡ್ ಮೆಡಿಕಲ್ಸ್

ನಂದೂ ಇದೇ ಕಥೆ. ದಿನಾ 620 ರೂಪಾಯಿ ಕಡಿಮೆ ಬರುತ್ತದೆ. ವ್ಯಾಪಾರ ಎಂಟು ಸಾವಿರ ಆಗಲಿ, ಹದಿನೆಂಟು ಸಾವಿರ ಆಗಲಿ, 620 ಹೋಗೇ ಹೋಗುತ್ತದೆ. ಇವರ ಕಮಿಷನ್‌ಗೆ ಲೆಕ್ಕವೇ ಇಲ್ಲ.

ಲೆಕ್ಕದ ಪುಸ್ತಕ

ಮೆಡಿಕಲ್ಸ್ ಸರ್, ವ್ಯಾಪಾರ ಹೆಚ್ಚು ಕಡಿಮೆ ಆದರೂ ಕಡಿತ ಅಷ್ಟೇ ಇದ್ದರೆ ಅದು ಕಮಿಷನ್ ಅಲ್ಲ. ಆ ಆ್ಯಪ್‌ನಲ್ಲಿ ಸಾಲ ಏನಾದರೂ ತೆಗೆದುಕೊಂಡಿದ್ದೀರಾ?

ಮಲ್ನಾಡ್ ಮೆಡಿಕಲ್ಸ್

ಹಾಂ, ಮಾರ್ಚ್‌ನಲ್ಲಿ ತಗೊಂಡಿದ್ದೆ. ಫೋನಿನಲ್ಲೇ ಎರಡು ಬಟನ್ ಒತ್ತಿದ್ದು. ಅದು ಇದರಲ್ಲೇ ಹೋಗುತ್ತದಾ?

ಲೆಕ್ಕದ ಪುಸ್ತಕ

ಹೌದು, ದಿನದ ಕಂತು ಸೆಟಲ್‌ಮೆಂಟ್‌ನಿಂದಲೇ ಮುರಿದುಕೊಳ್ಳುತ್ತಾರೆ. ರಿಪೋರ್ಟ್‌ನಲ್ಲಿ ಅದಕ್ಕೆ ಬೇರೆಯೇ ಸಾಲು ಇರುತ್ತದೆ. ಸಾಲದ ಸ್ಟೇಟ್‌ಮೆಂಟ್ ತೆರೆದು ಕಂತು 620 ಹೌದಾ ನೋಡಿ. ಚಪ್ಪಲಿ ಅಂಗಡಿಯವರದ್ದು ಬೇರೆ ಕೇಸು.

ಹಾಸನದಂಗಡಿ

ಇಳಿಸಿಕೊಂಡೆ ಸರ್. `Txn Date`, `RRN`, `Payment Mode`, `Amount`, `MDR`, `GST`, `Net Amount`, `UTR` ಅಂತ ಕಾಲಮ್‌ಗಳಿವೆ. ಆದರೆ ಎಕ್ಸೆಲ್‌ನಲ್ಲಿ ತೆರೆದರೆ `RRN` ಕಾಲಮ್ ಪೂರ್ತಿ `5.28812E+11` ಥರದ ಅಂಕಿಗಳಾಗಿಯೇ ಕಾಣುತ್ತಿದೆ. ಫೈಲೇ ಹಾಳಾಗಿದೆಯಾ?

ಹಿಂದಿನ ಬೆಂಚು

ಹಾಳಾಗಿಲ್ಲ. ಹನ್ನೆರಡು ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ಹಾಗೆ ಮಡಚಿ ತೋರಿಸುತ್ತದೆ. ಆ ಕಾಲಮ್ ಆರಿಸಿ, ಫಾರ್ಮ್ಯಾಟ್ ‘ನಂಬರ್’ ಮಾಡಿ, ದಶಾಂಶ ಸೊನ್ನೆ ಇಡಿ, ಸರಿಹೋಗುತ್ತದೆ. ಆದರೆ ಹದಿನೈದಕ್ಕಿಂತ ಜಾಸ್ತಿ ಅಂಕಿ ಇರುವ ಆರ್ಡರ್ ನಂಬರ್ ಏನಾದರೂ ಇದ್ದರೆ ಹುಷಾರು. ಅದರ ಕೊನೆಯ ಅಂಕಿಗಳನ್ನು ಎಕ್ಸೆಲ್ ನಿಜಕ್ಕೂ ಸೊನ್ನೆ ಮಾಡಿಬಿಡುತ್ತದೆ. ಆ ಫೈಲನ್ನು ಸೇವ್ ಮಾಡಿದರೆ ಹೋಯಿತು, ಮತ್ತೆ ಇಳಿಸಿಕೊಳ್ಳಬೇಕು.

ನಾನು ಮೊದಲು ಇಂಥದ್ದೇ ಒಂದು ಕಂಪನಿಯ ಸೆಟಲ್‌ಮೆಂಟ್ ವಿಭಾಗದಲ್ಲಿದ್ದೆ. ಆ 5288 ನೋಡಿ. ಆರ್‌ಆರ್‌ಎನ್ ಅಂದರೆ ಒಂದೊಂದು ಪಾವತಿಗೂ ಇರುವ ಗುರುತಿನ ಸಂಖ್ಯೆ. ಸಾಮಾನ್ಯವಾಗಿ ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅಂತ. 2025ರ 288ನೇ ದಿನ ಅಂದರೆ ಅಕ್ಟೋಬರ್ 15. ನಿಮ್ಮ ರಿಪೋರ್ಟ್‌ನಲ್ಲಿ 5287ರಿಂದ ಶುರುವಾಗುವ ಸಾಲುಗಳು ಇವೆಯಾ ಹುಡುಕಿ. ಇದ್ದರೆ ಅವು ಮಂಗಳವಾರದ ದುಡ್ಡು, ಬುಧವಾರದ್ದರ ಜೊತೆ ಬಂದಿದೆ.

ಯುಟಿಆರ್ ಪ್ರಕಾರ ಕೂಡಿಸಲು ಈ ಸೂತ್ರ ಸಾಕು. `G` ನಿಮ್ಮ ನೆಟ್ ಮೊತ್ತದ ಕಾಲಮ್, `H` ಯುಟಿಆರ್. ಪಾಸ್‌ಬುಕ್ಕಿನ ಯುಟಿಆರ್ ಅನ್ನು `K2`ನಲ್ಲಿ ಬರೆಯಿರಿ.

```
=SUMIFS(G:G,H:H,K2)
```

ಹಾಸನದಂಗಡಿ

38,575.16 ಬಂತು! ಪೈಸೆ ಸಮೇತ. ಸ್ವಲ್ಪ ಸಮಾಧಾನ ಆಯಿತು.

5287ರ ಸಾಲುಗಳು ಎರಡು ಇವೆ, ಒಟ್ಟು 760 ರೂಪಾಯಿ. ಎರಡೂ ಮಂಗಳವಾರ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲಿನವು. ಆದರೆ ಬುಧವಾರ ರಾತ್ರಿ 9:04, 9:11, 9:26ಕ್ಕೆ ಆದ ಮೂರು ಬಿಲ್ ಈ ರಿಪೋರ್ಟ್‌ನಲ್ಲೇ ಇಲ್ಲ. ಮೂರೂ ಸೇರಿ 1,850.

ಹಿಂದಿನ ಬೆಂಚು

ನಿಮ್ಮ ಕಟ್ ಆಫ್ ರಾತ್ರಿ 9 ಗಂಟೆ. ಅಷ್ಟರೊಳಗೆ ಬಂದದ್ದು ನಾಳೆಗೆ, ಆಮೇಲೆ ಬಂದದ್ದು ನಾಡಿದ್ದಿಗೆ. ಒಂದೊಂದು ಕಂಪನಿಗೆ ಒಂದೊಂದು ಸಮಯ, ಕೆಲವರದ್ದು ನಡುರಾತ್ರಿ 12. ಕಸ್ಟಮರ್ ಕೇರ್‌ನವರನ್ನು ಕೇಳಬೇಕಾಗಿಲ್ಲ. ರಿಪೋರ್ಟ್‌ನಲ್ಲಿ ಯುಟಿಆರ್ ಎಷ್ಟು ಗಂಟೆಗೆ ಬದಲಾಗುತ್ತದೆ ಅಂತ ನಾಲ್ಕು ದಿನ ನೋಡಿದರೆ ತಾನೇ ಗೊತ್ತಾಗುತ್ತದೆ. ಆ 1,850 ಎಲ್ಲೂ ಹೋಗಿಲ್ಲ, 17ನೇ ತಾರೀಖಿನ ರಿಪೋರ್ಟ್‌ನಲ್ಲಿ ಸಿಗುತ್ತದೆ.

ಬೇಕರಿ ಅಣ್ಣ

ಅದೆಲ್ಲ ಸರಿ. `MDR` ಅನ್ನುವ ಕಾಲಮ್ ಯಾಕಿದೆ ಹೇಳಿ. ಅದೇ ತಾನೇ ಕಮಿಷನ್? ಯುಪಿಐಗೆ ಸೊನ್ನೆ ಅಂದ ಮೇಲೆ ಆ ಕಾಲಮ್ಮಿಗೆ ಏನು ಕೆಲಸ?

ಹಾಸನದಂಗಡಿ

ಅಣ್ಣ, ಆ ಕಾಲಮ್‌ನಲ್ಲಿ ಬಹಳಷ್ಟು ಸಾಲುಗಳಲ್ಲಿ 0.00 ಇದೆ. ಮೂರರಲ್ಲಿ ಮಾತ್ರ ಹಿಡಿದಿದ್ದಾರೆ. ಮೂರಕ್ಕೂ `Payment Mode` ಜಾಗದಲ್ಲಿ `UPI - RuPay CC` ಅಂತಿದೆ.

6,400ಕ್ಕೆ 128.00, ಜಿಎಸ್‌ಟಿ 23.04
3,250ಕ್ಕೆ 65.00, ಜಿಎಸ್‌ಟಿ 11.70
1,480ಕ್ಕೆ 29.60, ಜಿಎಸ್‌ಟಿ 0.00

ಕೊನೆಯದಕ್ಕೆ ಚಾರ್ಜ್ ಇದೆ, ಜಿಎಸ್‌ಟಿ ಇಲ್ಲ. ಯಾಕೆ?

ಲೆಕ್ಕದ ಪುಸ್ತಕ

ಅಣ್ಣ ಹೇಳಿದ್ದು ಅರ್ಧ ಸರಿ. ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಯವರಿಗೆ ಎಂಡಿಆರ್ ಸೊನ್ನೆ. ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐ ಆ್ಯಪ್‌ಗೆ ಜೋಡಿಸಬಹುದು. ಸ್ಕ್ಯಾನ್ ಮಾಡುವುದು ಅದೇ ಕ್ಯೂಆರ್, ಸೌಂಡ್‌ಬಾಕ್ಸ್ ಕೂಗುವುದು ಅದೇ ದನಿಯಲ್ಲಿ. ಕೌಂಟರಿನಲ್ಲಿ ಕೂತ ನಿಮಗೆ ಗಿರಾಕಿ ಖಾತೆಯಿಂದ ಕೊಟ್ಟನೋ ಸಾಲದ ಕಾರ್ಡಿನಿಂದ ಕೊಟ್ಟನೋ ತಿಳಿಯುವುದಿಲ್ಲ. ತಿಳಿಯುವುದು ಮರುದಿನ ಈ ರಿಪೋರ್ಟ್‌ನಲ್ಲೇ. ಕಾರ್ಡಿನ ವಹಿವಾಟಿಗೆ ಚಾರ್ಜ್ ಇದ್ದೇ ಇದೆ. ನಿಮ್ಮದು ಲೆಕ್ಕ ಹಾಕಿದರೆ ಸರಿಯಾಗಿ 2 ಪರ್ಸೆಂಟ್.

ಆ ಜಿಎಸ್‌ಟಿ ನಿಮ್ಮ ಚಪ್ಪಲಿಯ ಮೇಲಿನದಲ್ಲ. ಅವರ 128 ರೂಪಾಯಿ ಚಾರ್ಜಿನ ಮೇಲೆ 18 ಪರ್ಸೆಂಟ್, ಅದು 23.04. ಬಹಳ ಜನ ಇದನ್ನು ನೋಡಿ ‘ನಮ್ಮ ಮಾರಾಟದ ಜಿಎಸ್‌ಟಿ ಇವರೇ ಕಟ್ಟಿದರು’ ಅಂದುಕೊಂಡು ರಿಟರ್ನ್‌ನಲ್ಲಿ ಎಡವಟ್ಟು ಮಾಡುತ್ತಾರೆ.

1,480ರ ಸಾಲು ಬಹುಶಃ ಅವರ ಸಿಸ್ಟಂ ತಪ್ಪು. ಬಿಟ್ಟುಬಿಡಿ, ನಿಮಗೇ ಲಾಭ.

ಹಿಂದಿನ ಬೆಂಚು

ತಪ್ಪಲ್ಲ ಸರ್. ಕಾರ್ಡಿನಲ್ಲಿ ಒಂದು ಸಲಕ್ಕೆ 2,000 ರೂಪಾಯಿವರೆಗಿನ ಮೊತ್ತವನ್ನು ಸೆಟಲ್ ಮಾಡಿಕೊಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದು ಬ್ಯಾಂಕಿಗೆ ಮಾತ್ರವೋ, ದುಡ್ಡು ಸಂಗ್ರಹಿಸಿ ಕಳಿಸುವ ಪೇಮೆಂಟ್ ಅಗ್ರಿಗೇಟರ್‌ಗೂ ಉಂಟೋ ಅಂತ ಗೊಂದಲ ಇತ್ತು. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಅವರಿಗೂ ಉಂಟು ಅಂತ ಹೇಳಿತು. ಹಾಗಾಗಿ 1,480ಕ್ಕೆ ಸೊನ್ನೆ ಇರುವುದು ಸರಿಯೇ. ಇಂಥ ಸಾಲಿನಲ್ಲಿ ಜಿಎಸ್‌ಟಿ ಹಿಡಿದಿದ್ದರೆ ಅದನ್ನು ಪ್ರಶ್ನೆ ಮಾಡಬೇಕು.

ಲೆಕ್ಕದ ಪುಸ್ತಕ

ಒಪ್ಪಿದೆ. ಕೌನ್ಸಿಲ್ ಹೇಳಿದ್ದು ನನಗೆ ಮರೆತೇ ಹೋಗಿತ್ತು.

ಬೇಕರಿ ಅಣ್ಣ

ಹಾಗಾದರೆ ನನ್ನ ಹತ್ತಿರ ಯಾರೂ ಕಾರ್ಡಿನಲ್ಲಿ ಕೊಡುವುದೇ ಇಲ್ಲವಾ? ನನಗೆ ಯಾವತ್ತೂ ಒಂದು ರೂಪಾಯಿ ಹಿಡಿದಿಲ್ಲ.

ಲೆಕ್ಕದ ಪುಸ್ತಕ

ಕೊಡುತ್ತಿರಬಹುದು ಅಣ್ಣ. ವರ್ಷಕ್ಕೆ 20 ಲಕ್ಷದೊಳಗೆ ವ್ಯಾಪಾರ ಇರುವ ಸಣ್ಣ ಅಂಗಡಿಗಳಿಗೆ, ಯುಪಿಐನಲ್ಲಿ ಬರುವ ರುಪೇ ಕ್ರೆಡಿಟ್ ವಹಿವಾಟು 2,000ದವರೆಗೆ ಇದ್ದರೆ ಚಾರ್ಜ್ ಇಲ್ಲ. ನಿಮ್ಮ ಬೇಕರಿಯಲ್ಲಿ ಒಬ್ಬನೇ ಎರಡು ಸಾವಿರಕ್ಕೆ ಬನ್ನು ತಿನ್ನುವುದುಂಟಾ? ಚಪ್ಪಲಿ ಅಂಗಡಿಯದ್ದು ದೊಡ್ಡ ವ್ಯಾಪಾರ ಅಂತ ಕಾಣುತ್ತದೆ, ಅದಕ್ಕೇ 1,480ಕ್ಕೂ ಹಿಡಿದಿದ್ದಾರೆ.

ಹಾಸನದಂಗಡಿ

ಹೌದು ಸರ್, ನಮ್ಮದು ವರ್ಷಕ್ಕೆ 70 ಲಕ್ಷದ ಹತ್ತಿರ. ಜಿಎಸ್‌ಟಿ ರೆಗ್ಯುಲರ್.

ಇನ್ನೊಂದು ಸಾಲು ಸಿಕ್ಕಿತು. `Refund -1,200.00`. ತಮ್ಮನನ್ನು ಕೇಳಿದೆ. ಭಾನುವಾರ ಒಬ್ಬರು ಶೂ ತೆಗೆದುಕೊಂಡು ಹೋಗಿ, ಸೈಜು ಸಣ್ಣದಾಯಿತು ಅಂತ ಬುಧವಾರ ವಾಪಸ್ ತಂದಿದ್ದರಂತೆ. ಇವನು ಆ್ಯಪ್‌ನಿಂದಲೇ ರೀಫಂಡ್ ಒತ್ತಿ, ನನಗೆ ಹೇಳಲೇ ಇಲ್ಲ. ‘ಇಂದಿನ ಸಂಗ್ರಹ’ದಲ್ಲಿ ಅದನ್ನು ಕಳೆದು ತೋರಿಸುವುದಿಲ್ಲ, ಈಗ ಗೊತ್ತಾಯಿತು. ಹಾಗೇ `Device Rental -125.00`, ಅದಕ್ಕೆ ಜಿಎಸ್‌ಟಿ 22.50. ಇದು ಸೌಂಡ್‌ಬಾಕ್ಸಿನ ತಿಂಗಳ ಬಾಡಿಗೆ.

ಎಲ್ಲ ಸೇರಿಸಿ ಹೀಗೆ ಬರೆದುಕೊಂಡೆ, ಸರಿಯಿದೆಯಾ ನೋಡಿ.

```
ಆ್ಯಪ್‌ನಲ್ಲಿ ಬುಧವಾರ            41,270.00
9ರ ನಂತರದ ಮೂರು ಬಿಲ್          - 1,850.00
ಮಂಗಳವಾರ 9ರ ನಂತರದ್ದು         +   760.00
ರೀಫಂಡ್                       - 1,200.00
ಎಂಡಿಆರ್                      -   222.60
ಎಂಡಿಆರ್ ಮೇಲಿನ ಜಿಎಸ್‌ಟಿ         -    34.74
ಬಾಡಿಗೆ, ಜಿಎಸ್‌ಟಿ ಸೇರಿ           -   147.50
ಬ್ಯಾಂಕಿಗೆ                      38,575.16
```

ಲೆಕ್ಕದ ಪುಸ್ತಕ

ಸರಿಯಾಗಿದೆ. ಆರೂವರೆ ಪರ್ಸೆಂಟ್ ಅಂತ ಹೆದರಿದ್ದಿರಲ್ಲ, ಕಮಿಷನ್ನೂ ಅದರ ಜಿಎಸ್‌ಟಿಯೂ ಸೇರಿ ಹೋಗಿರುವುದು 257.34. ಆ ದಿನ ಸೆಟಲ್ ಆದ 40,180ರ ಮೇಲೆ ನೋಡಿದರೆ 100ಕ್ಕೆ 64 ಪೈಸೆ. ಉಳಿದದ್ದರಲ್ಲಿ ಒಂದಿಷ್ಟು ನಾಳೆ ಬರುವ ದುಡ್ಡು, ಇನ್ನೊಂದಿಷ್ಟು ನಿಮ್ಮ ತಮ್ಮ ವಾಪಸ್ ಕೊಟ್ಟಿದ್ದು.

ಹಾಸನದಂಗಡಿ

ಆದರೂ ಒಂದು ವಿಷಯ ಕಿರಿಕಿರಿ ಮಾಡುತ್ತಿದೆ. ಆ ಶೂ ಕೂಡ ಕ್ರೆಡಿಟ್ ಕಾರ್ಡಿನಲ್ಲೇ ಕೊಂಡಿದ್ದು. ಸೋಮವಾರದ ರಿಪೋರ್ಟ್ ತೆಗೆದು ನೋಡಿದೆ, 24 ರೂಪಾಯಿ ಚಾರ್ಜ್ ಹಿಡಿದಿದ್ದಾರೆ. ಈಗ 1,200 ಪೂರ್ತಿ ವಾಪಸ್ ಹೋಯಿತು, 24 ನನಗೆ ಬರಲಿಲ್ಲ. ವ್ಯಾಪಾರವೇ ಆಗಿಲ್ಲ ಅಂದ ಮೇಲೆ ಚಾರ್ಜ್ ಯಾಕೆ?

ಹಿಂದಿನ ಬೆಂಚು

ಬಹಳ ಕಂಪನಿಗಳು ರೀಫಂಡ್ ಆದರೂ ಎಂಡಿಆರ್ ವಾಪಸ್ ಕೊಡುವುದಿಲ್ಲ. ಕರಾರಿನಲ್ಲಿ ಬರೆದಿರುತ್ತಾರೆ. ಅಂಗಡಿ ಶುರು ಮಾಡುವಾಗ ‘ಒಪ್ಪಿಗೆ’ ಅಂತ ಟಿಕ್ ಮಾಡಿರುತ್ತೀರಿ.

ಲೆಕ್ಕದ ಪುಸ್ತಕ

ಕರಾರಿನಲ್ಲಿ ಇದೆ ಅಂತ ನ್ಯಾಯ ಆಗುವುದಿಲ್ಲ. ಚಪ್ಪಲಿ, ಬಟ್ಟೆ ಅಂಗಡಿಗಳಲ್ಲಿ ವಾಪಸ್ ಬರುವುದು ಜಾಸ್ತಿ. ನಾನಂತೂ ನನ್ನ ಗಿರಾಕಿಗಳಿಗೆ ರೀಫಂಡ್ ಬದಲು ಬೇರೆ ಜೋಡಿ ಕೊಡಿ ಅನ್ನುತ್ತೇನೆ.

ಬೇಕರಿ ಅಣ್ಣ

ಕ್ರೆಡಿಟ್ ಕಾರ್ಡ್ ಅಂದರೆ 2 ಪರ್ಸೆಂಟ್ ಸೇರಿಸಿ ತಗೊಳ್ಳಿ. ಅಷ್ಟೇ.

ಹಿಂದಿನ ಬೆಂಚು

ಅಣ್ಣ, ದುಡ್ಡು ಕೊಡುವ ಹೊತ್ತಿನಲ್ಲಿ ಅದು ಕ್ರೆಡಿಟ್ ಅಂತ ಗೊತ್ತಾಗುವುದೇ ಇಲ್ಲ ಅಂತ ಈಗ ತಾನೇ ಹೇಳಿದರಲ್ಲ. ಅದೂ ಅಲ್ಲದೆ ಗಿರಾಕಿಯಿಂದ ವಸೂಲಿ ಮಾಡಬಾರದು ಅಂತ ಕಾರ್ಡಿನ ಕರಾರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೇಡವೇ ಬೇಡ ಅಂದರೆ ನಿಮ್ಮ ಕ್ಯೂಆರ್‌ಗೆ ಕ್ರೆಡಿಟ್ ಕಾರ್ಡ್ ನಿಲ್ಲಿಸಲು ಆಗುತ್ತದಾ ಅಂತ ಕಂಪನಿಯನ್ನು ಕೇಳಿ ನೋಡಬಹುದು. ಆದರೆ 6,400ರ ಆ ಗಿರಾಕಿ ಕಾರ್ಡ್ ಇಲ್ಲದಿದ್ದರೆ ನಾಲ್ಕು ಜೋಡಿ ಕೊಳ್ಳುತ್ತಿದ್ದರಾ? ಅದನ್ನೂ ಯೋಚಿಸಿ.

ಸಂತೆ ಸೀನ

ಮಧ್ಯೆ ಬಂದೆ, ಕ್ಷಮಿಸಿ. ಲೆಕ್ಕಕ್ಕೆ ಯಾವುದನ್ನು ಮಾರಾಟ ಅಂತ ತೋರಿಸಬೇಕು? ಬ್ಯಾಂಕಿಗೆ ಬಂದದ್ದನ್ನೇ ಬರೆಯುತ್ತಿದ್ದೇನೆ ನಾನು. 2025ರ ಜುಲೈನಲ್ಲಿ ಕಮರ್ಷಿಯಲ್ ಟ್ಯಾಕ್ಸ್‌ನವರು ಯುಪಿಐ ಲೆಕ್ಕ ಇಟ್ಟುಕೊಂಡು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟರಲ್ಲ, ನಮ್ಮ ಬೀದಿಯಲ್ಲಿ ‘ನೋ ಯುಪಿಐ’ ಅಂತ ಕಾಗದ ಅಂಟಿಸಿಬಿಟ್ಟಿದ್ದರು. ಅವತ್ತಿನಿಂದ ಭಯ.

ಲೆಕ್ಕದ ಪುಸ್ತಕ

ಬ್ಯಾಂಕಿಗೆ ಬಂದದ್ದನ್ನು ಮಾರಾಟ ಅಂತ ಬರೆಯಬೇಡಿ. ಮಾರಾಟ ಅಂದರೆ ಬಿಲ್ ಮಾಡಿದ ಪೂರ್ತಿ ಮೊತ್ತ, ಬಿಲ್ ಮಾಡಿದ ದಿನದಂದೇ. ಚಾರ್ಜು, ಬಾಡಿಗೆ ಎಲ್ಲ ಖರ್ಚು. ಇಲಾಖೆಯವರ ಕೈಗೆ ಸಿಗುವುದೂ ಗಿರಾಕಿ ಕೊಟ್ಟ ಪೂರ್ತಿ ಮೊತ್ತವೇ. ನಿಮ್ಮ ಪುಸ್ತಕದಲ್ಲಿ ಕಡಿಮೆ ಇದ್ದರೆ ಆ ವ್ಯತ್ಯಾಸಕ್ಕೆ ನೀವೇ ಉತ್ತರ ಕೊಡಬೇಕು. ಮಾಲು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ. ಅದನ್ನು ನೋಡುವುದೂ ಪೂರ್ತಿ ಮೊತ್ತದ ಮೇಲೆಯೇ.

ಹಾಸನದವರಿಗೂ ಸೇರಿಸಿ ಹೇಳುತ್ತೇನೆ. ಪುಸ್ತಕದಲ್ಲಿ ‘ಕ್ಯೂಆರ್‌ನಿಂದ ಬರಬೇಕಾದದ್ದು’ ಅಂತ ಒಂದು ಖಾತೆ ತೆರೆಯಿರಿ. ಬುಧವಾರ ಬೆಳಗ್ಗೆ ಅದರಲ್ಲಿ ಮಂಗಳವಾರ ರಾತ್ರಿಯ 760 ಉಳಿದಿತ್ತು. ದಿನದ ಮಾರಾಟ 41,270 ಸೇರಿಸಿ, ರೀಫಂಡ್ 1,200 ಕಳೆಯಿರಿ, 40,830 ಆಯಿತು. ಗುರುವಾರ ಬ್ಯಾಂಕಿಗೆ ಬಂದ 38,575.16, ಖರ್ಚಿನ 404.84 ಎರಡನ್ನೂ ಕಳೆಯಿರಿ. ಉಳಿಯುವುದು 1,850. ಅದು ಬುಧವಾರ 9ರ ನಂತರದ ಆ ಮೂರು ಬಿಲ್ ಅಲ್ವಾ? ಪ್ರತಿ ದಿನ ಬೆಳಗ್ಗೆ ಆ ಖಾತೆಯಲ್ಲಿ ಕಟ್ ಆಫ್ ನಂತರದ ಬಿಲ್‌ಗಳಷ್ಟೇ ಉಳಿದಿರಬೇಕು. ಒಂದು ರೂಪಾಯಿ ಹೆಚ್ಚು ಕಡಿಮೆ ಇದ್ದರೂ ಅವತ್ತೇ ಹುಡುಕಿ. ತಿಂಗಳು ಬಿಟ್ಟು ಹುಡುಕಲು ಕೂತರೆ ತಲೆ ಕೆಡುತ್ತದೆ.

ಇನ್ನು ಆ 34.74, 22.50 ಎರಡೂ ಸೇರಿ 57.24 ಜಿಎಸ್‌ಟಿ ಕಟ್ಟಿದ್ದೀರಿ. ರೆಗ್ಯುಲರ್ ಆದ ಕಾರಣ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಸೀನ, ನೀವು ವ್ಯಾಪಾರದ ಮೇಲೆ ಒಂದೇ ಸಣ್ಣ ದರ ಕಟ್ಟುವ ಕಾಂಪೊಸಿಷನ್‌ನಲ್ಲಿದ್ದರೆ ಅದು ಸಿಗುವುದಿಲ್ಲ, ಖರ್ಚಿಗೇ ಸೇರಿಸಿ. ಆದರೆ ಕ್ರೆಡಿಟ್‌ಗೆ ಈ ರಿಪೋರ್ಟ್ ಸಾಕಾಗುವುದಿಲ್ಲ. ಕಂಪನಿ ತಿಂಗಳಿಗೊಂದು ಟ್ಯಾಕ್ಸ್ ಇನ್‌ವಾಯ್ಸ್ ಕೊಡುತ್ತದೆ, ಅದರ ಮೇಲೆ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು. ನಿಮಗೆ ಸಿಗುವ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲೂ ಕಾಣಬೇಕು. ನೋಡಿದ್ದೀರಾ?

ಹಾಸನದಂಗಡಿ

ಈಗ ನೋಡಿದೆ. 2ಬಿಯಲ್ಲಿ ಇಲ್ಲ. ಇನ್‌ವಾಯ್ಸ್ ಇಳಿಸಿಕೊಂಡರೆ ನಮ್ಮ ಜಿಎಸ್‌ಟಿ ನಂಬರಿನ ಜಾಗ ಖಾಲಿ. ಅಪ್ಪ ಕ್ಯೂಆರ್ ಹಾಕಿಸಿಕೊಂಡಾಗ ಪ್ಯಾನ್ ಮಾತ್ರ ಕೊಟ್ಟಿದ್ದರಂತೆ. ಎರಡು ವರ್ಷದಿಂದ ಹೀಗೇ ನಡೆದಿದೆ.

ಲೆಕ್ಕದ ಪುಸ್ತಕ

ಇದು ನೀವು ಶುರುವಿನಲ್ಲಿ ಕೇಳಿದ್ದಕ್ಕಿಂತ ದೊಡ್ಡ ನಷ್ಟ. ಇವತ್ತೇ ಆ್ಯಪ್‌ನ ಪ್ರೊಫೈಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕಿ, ಮುಂದಿನ ಇನ್‌ವಾಯ್ಸ್‌ಗಳು ಸರಿಯಾಗುತ್ತವೆ. ಹಳೆಯದಕ್ಕೆ ಕಂಪನಿಯವರೇ ತಮ್ಮ ರಿಟರ್ನ್‌ನಲ್ಲಿ ತಿದ್ದಬೇಕು. 2024-25ರ ಇನ್‌ವಾಯ್ಸ್‌ಗಳಿಗೆ 2025ರ ನವೆಂಬರ್ 30ರವರೆಗೆ ಸಮಯ ಇದೆ. ಅದಕ್ಕೂ ಹಿಂದಿನದ್ದು ಹೋಯಿತು ಅಂತಲೇ ತಿಳಿಯಿರಿ. ಫೋನ್ ಮಾಡಬೇಡಿ, ಇಮೇಲ್ ಬರೆಯಿರಿ, ಟಿಕೆಟ್ ನಂಬರ್ ಇಟ್ಟುಕೊಳ್ಳಿ.

ಮಲ್ನಾಡ್ ಮೆಡಿಕಲ್ಸ್

ಲೆಕ್ಕದವರೇ, ಹೌದು, 620 ಸಾಲದ ಕಂತೇ. ಫೆಬ್ರವರಿವರೆಗೆ ಇದೆಯಂತೆ. ನನ್ನ ಇನ್‌ವಾಯ್ಸ್‌ನಲ್ಲೂ ಜಿಎಸ್‌ಟಿ ನಂಬರ್ ಇಲ್ಲ.

ಹಾಸನದಂಗಡಿ

ನಾಲ್ಕು ದಿನ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ. ಜಿಎಸ್‌ಟಿ ನಂಬರ್ ಪ್ರೊಫೈಲ್‌ಗೆ ಸೇರಿತು. ಹಳೆಯ ಇನ್‌ವಾಯ್ಸ್ ತಿದ್ದಲು ‘ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ’ ಅಂತ ಉತ್ತರ ಬಂದಿದೆ, ಅಷ್ಟೇ. ಆ 1,850 ಮಾತ್ರ 17ನೇ ತಾರೀಖಿನ ರಿಪೋರ್ಟ್‌ನಲ್ಲಿ ಮೊದಲ ಮೂರು ಸಾಲಾಗಿ ಸಿಕ್ಕಿತು. ಅಪ್ಪನಿಗೆ ತೋರಿಸಿದೆ. ‘ಸರಿ ಬಿಡು, ಬೋರ್ಡು ಇರಲಿ’ ಅಂದರು. ತಮ್ಮನ ಫೋನಿನಿಂದ ರೀಫಂಡ್ ಬಟನ್ ತೆಗೆಸಿದ್ದೇನೆ.

ಬೇಕರಿ ಅಣ್ಣ

ತಂಗಿ, ನಾನೂ ರಿಪೋರ್ಟ್ ಇಳಿಸಿದೆ. ನನ್ನದರಲ್ಲಿ ಆರು ತಿಂಗಳಿಂದ ಸೌಂಡ್‌ಬಾಕ್ಸ್ ಬಾಡಿಗೆ ಹೋಗುತ್ತಿದೆ. ಡಬ್ಬಿ ಕೆಟ್ಟು ಯುಗಾದಿಯಿಂದ ಅಟ್ಟದ ಮೇಲಿದೆ. ಇದಕ್ಕೆ ಯಾರಿಗೆ ಬರೆಯಬೇಕು?